ಲೆಕ್ಕಪರಿಶೋಧಕರು ಬದಲಾದಾಗ: ಬೀಳ್ಕೊಡುವ ಪತ್ರದಲ್ಲಿ ಏನನ್ನು, ಹೇಗೆ ಕೇಳಬೇಕು?

ಕೆಲವು ವರ್ಷಗಳ ಹಿಂದೆ, ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಂಪನಿಯ ಲೆಕ್ಕಪರಿಶೋಧನೆಯನ್ನು ನಾನು ಹೊಸದಾಗಿ ಒಪ್ಪಿಕೊಂಡೆ. ಅದರ ನಿರ್ದೇಶಕರು ಹಿಂದಿನ ಲೆಕ್ಕಪರಿಶೋಧಕರಿಗೆ ಆ ವೇಳೆಗಾಗಲೇ ಒಂದು ಪತ್ರ ಬರೆದಿದ್ದರು. ಮೊದಲ ಸಾಲಿನಲ್ಲಿ ಧನ್ಯವಾದ ಹೇಳಿ, ಎರಡನೆಯ ಸಾಲಿನಲ್ಲಿ "ನಮಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನೂ ನಿಮ್ಮ ವರ್ಕಿಂಗ್ ಪೇಪರ್‌ಗಳನ್ನೂ ಕೂಡಲೇ ಕಳುಹಿಸಿಕೊಡಿ" ಎಂದು ಕೇಳಿದ್ದರು. "ವರ್ಕಿಂಗ್ ಪೇಪರ್‌ಗಳು ನಮ್ಮ ಸಂಸ್ಥೆಯ ಸ್ವತ್ತು, ಅವನ್ನು ಕೊಡಲಾಗುವುದಿಲ್ಲ" ಎಂದು ಒಂದೇ ಸಾಲಿನ ಉತ್ತರ ಬಂತು. ಅನಂತರ ಏಳು ವಾರ ಎರಡೂ ಕಡೆ ಮೌನ. ನಿರ್ದೇಶಕರಿಗೆ ಅವಮಾನವಾದಂತಾಗಿತ್ತು, ಹಿಂದಿನವರಿಗೆ ತಮ್ಮ ಮೇಲೆ ಅನುಮಾನ ಪಟ್ಟಂತೆ ತೋರಿತ್ತು. ಕಂಪನಿಗೆ ನಿಜವಾಗಿ ಬೇಕಾಗಿದ್ದ ಕಾಗದಗಳು ಮಾತ್ರ ಅಲ್ಲಿಯೇ ಕಪಾಟಿನಲ್ಲಿ ಉಳಿದವು.

ಇಡೀ ತೊಡಕು ಹುಟ್ಟಿದ್ದು "ಎಲ್ಲ" ಎಂಬ ಒಂದು ಪದದಿಂದ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ನಿಮ್ಮ ಹೆಸರಿನ ಕಡತದೊಳಗೆ ಮೂರು ಬಗೆಯ ಕಾಗದಗಳಿರುತ್ತವೆ. ಅವು ಮೂವರ ಸ್ವತ್ತಲ್ಲದಿದ್ದರೂ ಅವುಗಳ ಮೇಲಿನ ಹಕ್ಕು ಮೂರು ಬಗೆಯದು. ಮೊದಲನೆಯವು ನೀವೇ ಕೊಟ್ಟ ಮೂಲ ದಾಖಲೆಗಳು: ಖರೀದಿ ಬಿಲ್ಲುಗಳು, ಕರಾರುಪತ್ರಗಳು, ಬ್ಯಾಂಕಿನ ಪತ್ರಗಳು, ವೋಚರ್ ಕಡತಗಳು. ಇವು ನಿಮ್ಮವು, ಆದ್ದರಿಂದ ಇವನ್ನು ಹಿಂದಿರುಗಿಸಿ ಎಂದು ನೇರವಾಗಿ ಕೇಳಬಹುದು. ಎರಡನೆಯವು ಅವರು ನಿಮಗಾಗಿ ಸಿದ್ಧಪಡಿಸಿಕೊಟ್ಟವು, ಅಂದರೆ ಅಂತಿಮ ತಾಳೆಪಟ್ಟಿ, ಸವಕಳಿಯ ಲೆಕ್ಕ, ಸ್ಥಿರಾಸ್ತಿಗಳ ವಹಿ, ತೆರಿಗೆಯ ಲೆಕ್ಕಾಚಾರ. ಇವನ್ನು ಸಿದ್ಧಪಡಿಸುವುದೇ ನೀವು ಒಪ್ಪಿಸಿದ ಕೆಲಸವಾಗಿದ್ದರೆ ಇವುಗಳ ಪ್ರತಿ ನಿಮಗೆ ಸಲ್ಲಬೇಕಾದದ್ದು. ಮೂರನೆಯವು ಮಾತ್ರ ನಿಜವಾದ ವರ್ಕಿಂಗ್ ಪೇಪರ್‌ಗಳು: ಯಾವ ಬಾಕಿಯನ್ನು ಹೇಗೆ ಪರೀಕ್ಷಿಸಿದರು, ಎಷ್ಟು ವೋಚರ್‌ಗಳನ್ನು ಆರಿಸಿಕೊಂಡರು, ಎಲ್ಲಿ ಸಂಶಯ ಬಂತು, ಕಡೆಗೆ ಯಾವ ತೀರ್ಮಾನಕ್ಕೆ ಬಂದರು ಎಂಬ ಅವರ ಸ್ವಂತ ಟಿಪ್ಪಣಿಗಳು. ಕಾನೂನು ಬೇರೆ ರೀತಿ ಹೇಳದಿದ್ದರೆ ಇವು ಲೆಕ್ಕಪರಿಶೋಧಕರ ಸಂಸ್ಥೆಯ ಸ್ವತ್ತೆಂಬುದು ನಮ್ಮ ವೃತ್ತಿಯಲ್ಲಿ ಎಲ್ಲೆಡೆ ಒಪ್ಪಿಕೊಂಡ ಮಾತು. ತಮ್ಮ ವರದಿಯನ್ನು ಯಾರಾದರೂ ಪ್ರಶ್ನಿಸಿದ ದಿನ ಅವರಿಗಿರುವ ಆಧಾರ ಅದೊಂದೇ ಆದ್ದರಿಂದ, ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ವರದಿಯ ದಿನಾಂಕದಿಂದ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಅವರು ಅದನ್ನು ಕಾಪಾಡಿಕೊಳ್ಳಬೇಕು.

ಹಾಗಾದರೆ ಮೂರನೆಯ ಬಗೆಯನ್ನು ಕೇಳಲೇಬಾರದೇ? ಕೇಳಬೇಕು, ಆದರೆ "ಕೊಡಿ" ಎಂದಲ್ಲ, "ನಮ್ಮ ಹೊಸ ಲೆಕ್ಕಪರಿಶೋಧಕರಿಗೆ ನೋಡಲು ಅವಕಾಶ ಮಾಡಿಕೊಡಿ" ಎಂದು. ಹೊಸಬರು ಮೊದಲ ವರ್ಷದ ಆರಂಭಿಕ ಶಿಲ್ಕುಗಳು, ಅಂದರೆ ಹಿಂದಿನ ವರ್ಷದ ಕೊನೆಯಿಂದ ಮುಂದುವರಿದು ಬಂದ ಮೊತ್ತಗಳು, ಸರಿಯಿವೆಯೆಂದು ಮನಗಾಣಬೇಕು. ಅದಕ್ಕಿರುವ ದಾರಿಗಳಲ್ಲಿ ಹಿಂದಿನವರ ವರ್ಕಿಂಗ್ ಪೇಪರ್‌ಗಳನ್ನು ಪರಿಶೀಲಿಸುವುದೂ ಒಂದೆಂದು ಅಂತರರಾಷ್ಟ್ರೀಯ ಲೆಕ್ಕಪರಿಶೋಧನಾ ಮಾನದಂಡ 510 ಹೇಳುತ್ತದೆ. ಆದರೆ ಹಿಂದಿನವರ ಕೈಯನ್ನು ಗೋಪ್ಯತೆಯ ಕರ್ತವ್ಯ ಕಟ್ಟಿಹಾಕಿರುತ್ತದೆ. ನಿಮ್ಮ ವಿಚಾರವನ್ನು ಮೂರನೆಯವರೊಂದಿಗೆ ಮಾತನಾಡಲು ನಿಮ್ಮದೇ ಲಿಖಿತ ಅನುಮತಿ ಅವರಿಗೆ ಬೇಕು. ಆ ನಿರ್ದೇಶಕರ ಪತ್ರದಲ್ಲಿ ಬೇಡಿಕೆ ಇತ್ತು, ಅನುಮತಿ ಇರಲಿಲ್ಲ.

ನೋಡಲು ಬಿಡುವ ಮುನ್ನ, "ಈ ಕಾಗದಗಳನ್ನು ನಂಬಿ ನೀವು ಮಾಡುವ ತೀರ್ಮಾನಗಳಿಗೆ ನಾವು ಹೊಣೆಯಲ್ಲ" ಎಂಬ ಅರ್ಥದ ಒಪ್ಪಿಗೆ ಪತ್ರಕ್ಕೆ ಹಿಂದಿನವರು ಹೊಸಬರ ಸಹಿ ಕೇಳುವುದುಂಟು. ಇದನ್ನು ಅನೇಕ ಮಾಲೀಕರು ಅಡ್ಡಗಾಲು ಎಂದು ತಿಳಿದು ಸಿಡುಕುತ್ತಾರೆ. ಅದು ವೃತ್ತಿಯಲ್ಲಿ ಬಳಕೆಯಲ್ಲಿರುವ ಎಚ್ಚರಿಕೆಯಷ್ಟೇ. ಹಾಗೆಯೇ, ಪರಿಶೀಲನೆ ಅವರ ಕಚೇರಿಯಲ್ಲಿ ನಡೆಯುವುದು, ಯಾವ ಪುಟದ ಪ್ರತಿ ಕೊಡಬೇಕೆಂಬುದನ್ನು ಅವರೇ ನಿರ್ಧರಿಸುವುದು ಎರಡೂ ಸಹಜ.

ಮತ್ತೆ ಆ ಕಂಪನಿಗೆ ಬರುತ್ತೇನೆ. ಬ್ಯಾಲೆನ್ಸ್ ಶೀಟಿನಲ್ಲಿ ನಾಲ್ಕು ಯಂತ್ರಗಳ ಒಟ್ಟು ಮೌಲ್ಯ ಒಂದೇ ಸಾಲಿನಲ್ಲಿತ್ತು. ಒಂದೊಂದು ಯಂತ್ರದ ವಿವರವಿದ್ದ ಸ್ಥಿರಾಸ್ತಿಗಳ ವಹಿ ಕಂಪನಿಯಲ್ಲಿ ಇರಲಿಲ್ಲ. ಅದನ್ನು ಇಟ್ಟುಕೊಳ್ಳಬೇಕಾದವರು ಕಂಪನಿಯವರೇ ಆದರೂ, ಸಣ್ಣ ಸಂಸ್ಥೆಗಳಲ್ಲಿ ಆಗುವಂತೆ, ಅದು ಲೆಕ್ಕಪರಿಶೋಧಕರ ಕಂಪ್ಯೂಟರಿನಲ್ಲಿತ್ತು. ಆ ವರ್ಷದ ಮೊದಲ ದಿನಗಳಲ್ಲಿಯೇ ಕಂಪನಿ ಒಂದು ಯಂತ್ರವನ್ನು 6,50,000ಕ್ಕೆ ಮಾರಿತು. ಅದರ ಮೂಲಬೆಲೆ 10,00,000 ಎಂದು ಎಲ್ಲರಿಗೂ ನೆನಪಿತ್ತು, ಕ್ಷೀಣಿಸುವ ಶಿಲ್ಕಿನ ಮೇಲೆ, ಅಂದರೆ ಆಯಾ ವರ್ಷ ಉಳಿದಿರುವ ಮೌಲ್ಯದ ಮೇಲೆ, ವರ್ಷಕ್ಕೆ ಶೇ. 15 ಸವಕಳಿ ಎಂಬುದು ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಯಲ್ಲಿತ್ತು. ಆದರೆ ಅದಕ್ಕೆ ಎರಡು ವರ್ಷದ ಸವಕಳಿ ಕಳೆದಿದೆಯೋ ಮೂರು ವರ್ಷದ್ದೋ ಯಾರಿಗೂ ಖಚಿತವಿರಲಿಲ್ಲ. ಎರಡು ವರ್ಷವಾದರೆ ಪುಸ್ತಕದ ಮೌಲ್ಯ 7,22,500, ಮಾರಾಟದಲ್ಲಿ 72,500 ನಷ್ಟ. ಮೂರು ವರ್ಷವಾದರೆ ಮೌಲ್ಯ 6,14,125, ಆಗ ಅದೇ ಮಾರಾಟದಲ್ಲಿ 35,875 ಲಾಭ. ಒಂದು ಖರೀದಿ ಬಿಲ್ಲಿನ ದಿನಾಂಕ ಗೊತ್ತಿಲ್ಲದ ಕಾರಣ ಲಾಭವೋ ನಷ್ಟವೋ ಎಂಬುದೇ ತಿಳಿಯದೆ ನಾವು ಕುಳಿತಿದ್ದೆವು. ಆ ಬಿಲ್ಲು ಮೊದಲನೆಯ ಬಗೆಯ ಕಾಗದ, ಆ ವಹಿ ಎರಡನೆಯ ಬಗೆಯದು. ವರ್ಕಿಂಗ್ ಪೇಪರ್‌ಗಳ ಜಗಳದಲ್ಲಿ ಅವೆರಡೂ ಸಿಕ್ಕಿಹಾಕಿಕೊಂಡಿದ್ದವು.

ಹೊಸ ಪತ್ರವನ್ನು ನಿರ್ದೇಶಕರೂ ನಾನೂ ಜೊತೆಯಲ್ಲಿ ಕುಳಿತು ಬರೆದೆವು. ಅದರ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ಕಳೆದ ಆರು ವರ್ಷಗಳಿಂದ ತಾವು ನಮ್ಮ ಲೆಕ್ಕಪರಿಶೋಧನೆಯನ್ನು ನಡೆಸಿಕೊಟ್ಟಿದ್ದೀರಿ. ವಿಶೇಷವಾಗಿ, ನಾವು ಮೊದಲ ಬಾರಿಗೆ ಬ್ಯಾಂಕ್ ಸಾಲ ಪಡೆದ ವರ್ಷ ಲೆಕ್ಕಪತ್ರಗಳನ್ನು ಸಕಾಲದಲ್ಲಿ ಪೂರ್ಣಗೊಳಿಸಲು ತಾವು ನೀಡಿದ ಸಮಯಕ್ಕಾಗಿ ನಾವು ಕೃತಜ್ಞರು. ನಮ್ಮ ಹಿಂದಿನ ಪತ್ರದ ಮಾತಿನಿಂದ ತಮಗೆ ಬೇಸರವಾಗಿದ್ದರೆ ಕ್ಷಮೆಯಿರಲಿ.

ತಮ್ಮ ಬಳಿ ಇರುವ, ಅನುಬಂಧ 1ರಲ್ಲಿ ಪಟ್ಟಿ ಮಾಡಿರುವ ನಮ್ಮ ಮೂಲ ದಾಖಲೆಗಳನ್ನು ದಯವಿಟ್ಟು ಹಿಂದಿರುಗಿಸಬೇಕು. ಅನುಬಂಧ 2ರಲ್ಲಿರುವ, ತಾವು ನಮಗಾಗಿ ಸಿದ್ಧಪಡಿಸಿದ ಪಟ್ಟಿಗಳ ಪ್ರತಿಗಳನ್ನು, ಸಾಧ್ಯವಾದಲ್ಲಿ ತಿದ್ದಬಹುದಾದ ಫೈಲ್ ರೂಪದಲ್ಲಿ, ಒದಗಿಸಬೇಕು. ಈ ತಿಂಗಳ 20ರಂದು ನಮ್ಮ ಸಿಬ್ಬಂದಿ ತಮ್ಮ ಕಚೇರಿಗೆ ಬಂದು ಅವನ್ನು ಸ್ವೀಕರಿಸಿ ರಸೀದಿ ನೀಡುವರು.

ತಮ್ಮ ಲೆಕ್ಕಪರಿಶೋಧನೆಯ ವರ್ಕಿಂಗ್ ಪೇಪರ್‌ಗಳು ತಮ್ಮ ಸಂಸ್ಥೆಯ ಸ್ವತ್ತೆಂಬುದನ್ನು ನಾವು ಒಪ್ಪುತ್ತೇವೆ. ನಮ್ಮ ಹೊಸ ಲೆಕ್ಕಪರಿಶೋಧಕರು ಆರಂಭಿಕ ಶಿಲ್ಕುಗಳ ಮಟ್ಟಿಗೆ ಅವನ್ನು ಪರಿಶೀಲಿಸಲು ತಾವು ಸೂಕ್ತವೆಂದು ಭಾವಿಸುವ ಷರತ್ತುಗಳ ಮೇಲೆ ಅವಕಾಶ ನೀಡುವಂತೆ ಕೋರುತ್ತೇವೆ. ನಮ್ಮ ವ್ಯವಹಾರಗಳ ಬಗ್ಗೆ ಅವರು ಕೇಳುವ ಪ್ರಶ್ನೆಗಳಿಗೆ ತಾವು ಮುಕ್ತವಾಗಿ ಉತ್ತರಿಸಲು ಈ ಪತ್ರದ ಮೂಲಕ ನಮ್ಮ ಪೂರ್ಣ ಅನುಮತಿ ಇದೆ.

ತಮಗೆ ಸಲ್ಲಬೇಕಾದ ಶುಲ್ಕದ ಬಾಕಿಯಿದ್ದರೆ ವಿವರವನ್ನು ತಿಳಿಸಿದಲ್ಲಿ ಕೂಡಲೇ ಪಾವತಿಸುವೆವು."

ಧನ್ಯವಾದದ ಸಾಲುಗಳ ಬಗ್ಗೆ ನಾನು ತುಸು ಹಟ ಹಿಡಿಯುತ್ತೇನೆ. "ತಮ್ಮ ಅಮೂಲ್ಯ ಸೇವೆಗೆ ಅನಂತ ಧನ್ಯವಾದಗಳು" ಎಂಬ ಸಿದ್ಧ ಮಾತು ಓದುವವರನ್ನು ತಟ್ಟುವುದಿಲ್ಲ. ನಿಜವಾಗಿ ನಡೆದ ಒಂದು ಸಂಗತಿಯನ್ನು ಹೆಸರಿಸಿದರೆ ಸಾಕು. ಹಾಗೆಂದು "ತಮ್ಮ ಕೆಲಸದಲ್ಲಿ ಎಂದೂ ಯಾವ ಲೋಪವೂ ಇರಲಿಲ್ಲ" ಎಂದು ಬರೆದುಕೊಡಬಾರದು. ಮುಂದೊಂದು ದಿನ ಹಳೆಯ ವರ್ಷದ ತಪ್ಪೊಂದು ಹೊರಬಿದ್ದರೆ ನೀವು ಸಹಿ ಮಾಡಿದ ಆ ವಾಕ್ಯ ನಿಮ್ಮೆದುರೇ ನಿಲ್ಲುತ್ತದೆ. ಬದಲಾವಣೆಯ ಹಿಂದೆ ಭಿನ್ನಾಭಿಪ್ರಾಯವಿದ್ದರೆ ಅದನ್ನು ಈ ಪತ್ರದಲ್ಲಿ ಚರ್ಚಿಸುವುದು ಬೇಡ, ಅದಿಲ್ಲವೆಂದು ಹೇಳುವುದೂ ಬೇಡ. ಹೊಸಬರು ಹೇಗೂ ಅದನ್ನು ಕೇಳುತ್ತಾರೆ, ಮತ್ತು ಉತ್ತರ ಕೊಡುವಾಗ ಪ್ರಾಮಾಣಿಕವಾಗಿ, ಸ್ಪಷ್ಟವಾಗಿ ಹೇಳಬೇಕೆಂಬುದು ಹಿಂದಿನವರ ವೃತ್ತಿಧರ್ಮ.

ಅನುಬಂಧ 2ರಲ್ಲಿ ಎಂದೂ ಬಿಡಬಾರದ ಒಂದು ಸಾಲಿದೆ: ಕೊನೆಯ ವರ್ಷದ ಹೊಂದಾಣಿಕೆ ನಮೂದುಗಳ ಪಟ್ಟಿ. ಲೆಕ್ಕಪರಿಶೋಧನೆಯ ಕೊನೆಯ ಹಂತದಲ್ಲಿ ಸವಕಳಿ, ತೆರಿಗೆಗೆ ಮೀಸಲು, ವಸೂಲಾಗದ ಸಾಲ ಮುಂತಾದ ಬದಲಾವಣೆಗಳು ಆಗುತ್ತವೆ. ಅವು ಸಹಿಯಾದ ಲೆಕ್ಕಪತ್ರದಲ್ಲಿ ಸೇರುತ್ತವೆ, ಆದರೆ ನಿಮ್ಮ ಕಚೇರಿಯ ಪುಸ್ತಕಗಳಲ್ಲಿ ಎಷ್ಟೋ ಸಲ ದಾಖಲಾಗಿರುವುದೇ ಇಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ನಿಮ್ಮ ಪುಸ್ತಕದ ಕೊನೆಯ ದಿನದ ತಾಳೆಪಟ್ಟಿಯನ್ನು ಸಹಿಯಾದ ಬ್ಯಾಲೆನ್ಸ್ ಶೀಟಿನ ಪಕ್ಕದಲ್ಲಿಟ್ಟು ಒಂದೊಂದು ತಲೆಬರಹವನ್ನೂ ಹೋಲಿಸಿ. ನಗದು ಮತ್ತು ಬ್ಯಾಂಕ್ ಶಿಲ್ಕು ಹೊಂದಿಕೊಂಡು ಸ್ಥಿರಾಸ್ತಿ ಮತ್ತು ಮೀಸಲುಗಳಲ್ಲಿ ವ್ಯತ್ಯಾಸ ಕಂಡರೆ, ಬಹುಮಟ್ಟಿಗೆ ಕಾರಣ ಇದೇ. ಆ ಪಟ್ಟಿ ಸಿಗದಿದ್ದರೆ ಹೊಸ ವರ್ಷದ ಲೆಕ್ಕ ತಪ್ಪು ಶಿಲ್ಕಿನಿಂದಲೇ ಹೊರಡುತ್ತದೆ.

ಬದಲಾಗುತ್ತಿರುವವರು ಲೆಕ್ಕಪರಿಶೋಧಕರಲ್ಲದೆ ಪುಸ್ತಕಗಳನ್ನೇ ಬರೆಯುತ್ತಿದ್ದ ಲೆಕ್ಕಿಗರಾಗಿದ್ದರೆ ಪತ್ರ ಬೇರೆಯಾಗುತ್ತದೆ. ಅವರು ಬರೆದ ಲೆಡ್ಜರು, ಜರ್ನಲ್ಲುಗಳು ನಿಮ್ಮ ಪುಸ್ತಕಗಳೇ. ಅಲ್ಲಿ ಕೇಳಬೇಕಾದ್ದು ಮುದ್ರಿತ ವರದಿಯನ್ನಲ್ಲ, ಲೆಕ್ಕದ ಸಾಫ್ಟ್‌ವೇರಿನ ಪೂರ್ಣ ಬ್ಯಾಕಪ್ಪನ್ನು, ಜೊತೆಗೆ ಅಡ್ಮಿನ್ ಪಾಸ್‌ವರ್ಡನ್ನು. ತೆರಿಗೆ ಇಲಾಖೆಯ ಖಾತೆಗಳಲ್ಲಿ ಅವರ ಕಚೇರಿಯ ಇಮೇಲ್ ಮತ್ತು ಫೋನ್ ಸಂಖ್ಯೆ ನೋಂದಾಯಿತವಾಗಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಅವನ್ನು ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ. ಇಲ್ಲವಾದರೆ ಇಲಾಖೆಯ ನೋಟಿಸು ಹಳಬರಿಗೆ ಹೋಗುತ್ತದೆ, ಉತ್ತರಿಸುವ ಗಡುವು ಮಾತ್ರ ನಿಮ್ಮದಾಗಿರುತ್ತದೆ.

ಶುಲ್ಕದ ಬಾಕಿಯಿದ್ದಾಗ ದಾಖಲೆಗಳನ್ನು ತಡೆಹಿಡಿಯಬಹುದೇ ಎಂಬುದು ದೇಶದಿಂದ ದೇಶಕ್ಕೆ, ದಾಖಲೆಯಿಂದ ದಾಖಲೆಗೆ ಬೇರೆಯಾಗುವ ಪ್ರಶ್ನೆ. ಹಕ್ಕಿನ ವಾದಕ್ಕೆ ಇಳಿಯುವ ಮೊದಲು ಒಪ್ಪಿದ ಬಾಕಿಯನ್ನು ತೀರಿಸುವಂತೆ ನಾನು ಹೇಳುತ್ತೇನೆ. ವಿವಾದವಿರುವ ಮೊತ್ತವನ್ನು ಮಾತ್ರ ಬೇರೆ ಪತ್ರದಲ್ಲಿ ಎತ್ತಿಕೊಳ್ಳಿ, ಅದನ್ನು ಧನ್ಯವಾದದ ಪತ್ರದೊಳಗೆ ಸೇರಿಸಬೇಡಿ.

ಅನುಮತಿಯ ಪತ್ರ ಹೊಸಬರು ಕೆಲಸ ಒಪ್ಪಿಕೊಳ್ಳುವ ಮೊದಲೇ ಹೋಗಬೇಕು ಎಂಬುದನ್ನೂ ಇಲ್ಲಿ ಹೇಳಬೇಕು. ಒಪ್ಪಿಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ಅವರಿಗೆ ಹಿಂದಿನವರ ಉತ್ತರ ಬೇಕಾಗಿರುತ್ತದೆ. ಆ ಕಂಪನಿಯ ವಿಷಯದಲ್ಲಿ, ನಿರ್ದೇಶಕರು ಒಂದು ಪತ್ರ ಆಗಲೇ ಬರೆದಿದ್ದಾರೆಂದು ನಂಬಿ, ಅದನ್ನು ಓದಿ ನೋಡದೆ ಕೆಲಸ ಒಪ್ಪಿಕೊಂಡದ್ದು ನನ್ನ ತಪ್ಪು. ಈಗ ಅನುಮತಿಯ ಪ್ರತಿ ಕೈಗೆ ಬರುವವರೆಗೆ ನಾನು ಒಪ್ಪಿಗೆಗೆ ಸಹಿ ಮಾಡುವುದಿಲ್ಲ.

ಎರಡನೆಯ ಪತ್ರ ತಲುಪಿದ ನಾಲ್ಕನೆಯ ದಿನ ಹಿಂದಿನ ಲೆಕ್ಕಪರಿಶೋಧಕರೇ ಫೋನ್ ಮಾಡಿದರು. ಇಪ್ಪತ್ತನೆಯ ತಾರೀಕು ಕಂಪನಿಯ ಸಿಬ್ಬಂದಿಯೊಡನೆ ನಾನೂ ಹೋದೆ. ಅನುಬಂಧಗಳ ಎರಡು ಪ್ರತಿ ಇಟ್ಟುಕೊಂಡು, ಸಿಕ್ಕಿದ ಪ್ರತಿಯೊಂದರ ಮುಂದೆ ಗುರುತು ಹಾಕಿ, ಸಿಗದ ಎರಡು ಕರಾರುಪತ್ರಗಳ ಮುಂದೆ "ದೊರೆತಿಲ್ಲ" ಎಂದು ಬರೆದು ಇಬ್ಬರ ಕಡೆಯವರೂ ಸಹಿ ಮಾಡಿದೆವು. ಸ್ಥಿರಾಸ್ತಿ ವಹಿಯ ಫೈಲನ್ನು ಅಲ್ಲಿಯೇ ತೆರೆದು ಅದರ ಒಟ್ಟು ಮೊತ್ತ ಬ್ಯಾಲೆನ್ಸ್ ಶೀಟಿಗೆ ತಾಳೆಯಾಗುವುದನ್ನು ನೋಡಿಕೊಂಡೆವು. ಯಂತ್ರದ ಬಿಲ್ಲೂ ಸಿಕ್ಕಿತು. ಮೂರು ವರ್ಷಗಳ ಸವಕಳಿ ಕಳೆದಿತ್ತು, ಮಾರಾಟದಲ್ಲಿ ಬಂದದ್ದು 35,875 ಲಾಭ.