ಜಾತ್ರೆಯ ದೃಶ್ಯಕ್ಕೆ ಜನ ಸಾಲದು ಎನ್ನುವವರಿಗೆ

ಶಿವಮೊಗ್ಗದ ನಮ್ಮ ಪುಟ್ಟ ಅನಿಮೇಷನ್ ಸ್ಟುಡಿಯೋಗೆ ಬರುವ ಗ್ರಾಹಕರು ಗುಂಪಿನ ದೃಶ್ಯವನ್ನು ನೋಡಿದ ಕೂಡಲೇ ಆಡುವ ಮಾತು ಹೆಚ್ಚುಕಡಿಮೆ ಒಂದೇ: "ಎಲ್ಲೋ ಕೃತಕ ಅನ್ನಿಸ್ತಿದೆ ಸಾರ್, ಇನ್ನೂ ಸ್ವಲ್ಪ ಜನ ಸೇರಿಸಿ." ಸೇರಿಸಿದರೆ ಸಾಮಾನ್ಯವಾಗಿ ಕೃತಕತೆ ಹೆಚ್ಚುತ್ತದೆ. ನೋಡುವ ಕಣ್ಣು ಗುಂಪಿನಲ್ಲಿ ಮುಖಗಳನ್ನು ಎಣಿಸುವುದಿಲ್ಲ; ಅದು ಮೊದಲು ಹಿಡಿಯುವುದು ಲಯವನ್ನು.

ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ದರ್ಶನಕ್ಕೆ ಕಾದು ನಿಂತ ಜನರ ಒಂದು ಶಾಟ್ ತೆಗೆದುಕೊಳ್ಳೋಣ. ಅವಧಿ 8 ಸೆಕೆಂಡು, ಅಂದರೆ ಸೆಕೆಂಡಿಗೆ 24ರಂತೆ 192 ಫ್ರೇಮು. ಆರು ಆಕೃತಿಗಳನ್ನು ಬರೆದು, ಪ್ರತಿಯೊಂದಕ್ಕೂ ನಾಲ್ಕು ಬಣ್ಣದ ಉಡುಪು ಕೊಟ್ಟರೆ ಇಪ್ಪತ್ನಾಲ್ಕು ಜನರಾದರು. ಎಲ್ಲರಿಗೂ 24 ಫ್ರೇಮಿನ ಸೈಕಲ್, ಅಂದರೆ ಮುಗಿದೊಡನೆ ಮೊದಲಿನಿಂದ ಮರುಕಳಿಸುವ ಚಲನೆ, ಕೊಟ್ಟು ಒಟ್ಟಿಗೆ ಆರಂಭಿಸಿದರೆ, ಒಂದೇ ಗಾಳಿಗೆ ಬಾಗುವ ಗದ್ದೆಯ ಪೈರಿನಂತೆ ಇಡೀ ಗುಂಪು ಒಟ್ಟಿಗೆ ತೂಗುತ್ತದೆ. ಇದು ತಪ್ಪೆಂದು ಹೊಸದಾಗಿ ಸೇರಿದ ಹುಡುಗರಿಗೂ ತಿಳಿದಿದೆ. ಹಾಗಾಗಿ ಒಬ್ಬೊಬ್ಬರನ್ನು ನಾಲ್ಕು ನಾಲ್ಕು ಫ್ರೇಮು ಹಿಂದೆ ಮುಂದೆ ಸರಿಸಿ, ಕೆಲಸ ಮುಗಿಯಿತೆಂದು ಕೈ ಒರೆಸಿಕೊಳ್ಳುತ್ತಾರೆ.

ಮುಗಿದಿರುವುದಿಲ್ಲ. ಎಲ್ಲರ ಸೈಕಲ್‌ನ ಉದ್ದವೂ 24 ಆಗಿರುವವರೆಗೆ, ಯಾರನ್ನು ಎಷ್ಟು ಸರಿಸಿದರೂ, ಇಡೀ ಚಿತ್ರ ಪ್ರತಿ ಸೆಕೆಂಡಿಗೊಮ್ಮೆ ಇದ್ದ ಸ್ಥಿತಿಗೇ ಮರಳುತ್ತದೆ, ಮತ್ತು 8 ಸೆಕೆಂಡಿನಲ್ಲಿ ಪ್ರೇಕ್ಷಕ ಅದನ್ನೇ ಎಂಟು ಸಲ ನೋಡುತ್ತಾನೆ. ಅವನಿಗೆ ಕಾರಣ ಹೇಳಲು ಬರುವುದಿಲ್ಲ. ಜನ ಕಡಿಮೆ ಎನ್ನುತ್ತಾನೆ. ಬದಲಾಯಿಸಬೇಕಾದದ್ದು ಸೈಕಲ್‌ಗಳ ಉದ್ದವನ್ನೇ. ಅದನ್ನೂ ಲೆಕ್ಕ ಹಾಕಿ ಮಾಡಬೇಕು: 12, 16, 24 ಎಂದು ಇಟ್ಟರೆ ಅವುಗಳ ಲಘುತಮ ಸಾಮಾನ್ಯ ಅಪವರ್ತ್ಯ 48, ಆದ್ದರಿಂದ ಎರಡೇ ಸೆಕೆಂಡಿಗೆ ಮೊದಲಿನ ಚಿತ್ರ ಮರಳುತ್ತದೆ. ಎರಡು ಆಕೃತಿಗಳಿಗೆ 18, ಎರಡಕ್ಕೆ 20, ಉಳಿದೆರಡಕ್ಕೆ 22 ಫ್ರೇಮು ಕೊಟ್ಟರೆ ಆ ಸಂಖ್ಯೆ 1980ಕ್ಕೆ ಏರುತ್ತದೆ. ಎಂಬತ್ತು ಸೆಕೆಂಡು ದಾಟಿದ ಮೇಲಷ್ಟೇ ಗುಂಪು ಮೊದಲಿನ ಸ್ಥಿತಿಗೆ ಬರುತ್ತದೆ. ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸುವ ನಮ್ಮ ಪದ್ಧತಿಯಲ್ಲಿ ಇವಕ್ಕೆ ಬೇಕಾಗುವುದು ಒಂಬತ್ತು, ಹತ್ತು, ಹನ್ನೊಂದು ಚಿತ್ರಗಳು ಮಾತ್ರ, ಅಂದರೆ ಮೊದಲಿಗಿಂತ ಕಡಿಮೆ. ಒಂದೇ ಉದ್ದದ ಸೈಕಲ್‌ನವರು ಮಾತ್ರ ಪಕ್ಕಪಕ್ಕದಲ್ಲಿ ನಿಲ್ಲಬಾರದು, ಏಕೆಂದರೆ ಅವರ ನಡುವಿನ ಅಂತರ ಕೊನೆಯವರೆಗೂ ಬದಲಾಗುವುದಿಲ್ಲ.

ಗ್ರಾಹಕರ ಎರಡನೆಯ ಪ್ರೀತಿಯ ಸಲಹೆ, "ಒಬ್ಬೊಬ್ರೂ ಏನಾದ್ರೂ ಮಾಡ್ತಿರ್ಲಿ ಸಾರ್" ಎಂಬುದು. ಒಬ್ಬರಂತೂ ಮೂಗು ಉಜ್ಜುವ ಅಜ್ಜನೊಬ್ಬ ಬೇಕೇ ಬೇಕೆಂದು ಹಟ ಹಿಡಿದರು. ಅಜ್ಜ ಚೆನ್ನಾಗಿಯೇ ಮೂಡಿಬಂದಿದ್ದ, ಆದರೆ ಪ್ರತಿ ಸೆಕೆಂಡೂ ಮೂಗು ಉಜ್ಜುತ್ತಿದ್ದುದರಿಂದ ದೇವಿಯ ಕಡೆಗೆ ಯಾರ ಕಣ್ಣೂ ಹೋಗಲಿಲ್ಲ. ಎದ್ದು ಕಾಣುವ ಚೇಷ್ಟೆ ಸೈಕಲ್‌ನಲ್ಲಿರಬಾರದು. ಅಲ್ಲಿ ಉಸಿರಾಟ, ಕಾಲಿನಿಂದ ಕಾಲಿಗೆ ಭಾರ ಬದಲಿಸುವುದು, ತುಸು ತಲೆ ತಿರುಗಿಸುವುದು, ಇಷ್ಟೇ ಸಾಕು. ಅಜ್ಜ ಮೂಗು ಉಜ್ಜಲೇಬೇಕೆಂದರೆ ಅದನ್ನು ಬೇರೆಯಾಗಿ ಬರೆದು ಶಾಟಿನಲ್ಲಿ ಒಂದೇ ಸಲ ತರಬೇಕು.

ಬಣ್ಣದ ವಿಷಯಕ್ಕೆ ಬಂದರೆ, ಕೆಂಪು ಸೀರೆಯನ್ನು ಅಷ್ಟೇ ಗಾಢವಾದ ಹಸಿರಿಗೆ ಬದಲಿಸಿದರೆ ದೂರದಿಂದ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ತಿಳಿ ಮತ್ತು ಗಾಢದ ಹಂಚಿಕೆಯೇ ಬದಲಾಗಬೇಕು. ದೃಶ್ಯವನ್ನು ಬೂದು ಬಣ್ಣಕ್ಕೆ ತಿರುಗಿಸಿ, ಚಿಕ್ಕದು ಮಾಡಿ, ಮೂರು ಸಲ ಸತತವಾಗಿ ಓಡಿಸಿ ನೋಡಿದರೆ ಬಣ್ಣದ ದೋಷವೂ ಲಯದ ದೋಷವೂ ಒಟ್ಟಿಗೆ ಸಿಕ್ಕಿಬೀಳುತ್ತವೆ. ಆಕೃತಿಯನ್ನು ಕನ್ನಡಿಯಂತೆ ತಿರುವಿ ಹೊಸಬರನ್ನು ಸೃಷ್ಟಿಸುವವರಿಗೆ ಒಂದು ಎಚ್ಚರಿಕೆ: ಎಡಹೆಗಲ ಸೆರಗು ಬಲಹೆಗಲಿಗೆ ಹೋಗುತ್ತದೆ, ಮತ್ತು ಅದನ್ನು ನಮ್ಮ ಊರಿನ ಹೆಂಗಸರು ಮೊದಲ ನೋಟಕ್ಕೇ ಗುರುತಿಸುತ್ತಾರೆ.

ಈ ಶ್ರಮವೆಲ್ಲ ನಡುವಿನ ಲೇಯರ್‌ಗೆ ಮಾತ್ರ. ಹಿಂದಿನ ಲೇಯರ್‌ನಲ್ಲಿ ಜನರನ್ನು ಬಿಡಿಬಿಡಿಯಾಗಿ ಬರೆಯಬೇಕಿಲ್ಲ. ಒಂದಕ್ಕೊಂದು ಬೆಸೆದ ತಲೆಗಳ ಒಂದೇ ಚಿತ್ರವನ್ನು ಮಂಜಿನ ಬೂದಿಗೆ ಹತ್ತಿರದ ಬಣ್ಣದಲ್ಲಿ ನಿಲ್ಲಿಸಿದರೆ ಸಾಕು. ನಡುವಿನವರನ್ನೇ ಕುಗ್ಗಿಸಿ ಹಿಂದೆ ಇಟ್ಟರೆ ರೇಖೆಗಳೂ ಕುಗ್ಗಿ ಮಿನುಗತೊಡಗುತ್ತವೆ. ಮುಂದಿನ ಲೇಯರ್‌ಗೆ ಬೆನ್ನು ತಿರುಗಿಸಿದ ಮೂರ್ನಾಲ್ಕು ಕಪ್ಪು ತಲೆಗಳು ಮತ್ತು ಒಂದು ಕೊಡೆಯ ಅಂಚು ಸಾಕು; ನಡುವಿನವರ ಕಾಲುಗಳನ್ನು ಅವೇ ಮುಚ್ಚುವುದರಿಂದ ಅಷ್ಟು ಕೆಲಸವೂ ಉಳಿಯುತ್ತದೆ. ಕ್ಯಾಮೆರಾ ನಿಂತವರ ಕಣ್ಣಿನ ಎತ್ತರದಲ್ಲಿದ್ದು ನೆಲ ಸಮತಟ್ಟಾಗಿದ್ದರೆ, ಹತ್ತಿರದವರ ಕಣ್ಣುಗಳೂ ದೂರದವರ ಕಣ್ಣುಗಳೂ ಸರಿಸುಮಾರು ಒಂದೇ ಗೆರೆಯಲ್ಲಿರಬೇಕು.

ಇಲ್ಲಿ ಹೇಳಿದ ಲೆಕ್ಕ ನಿಂತ ಗುಂಪಿಗೆ ನೇರವಾಗಿ ಹೊಂದುತ್ತದೆ. ನಡೆಯುವವರಿಗೆ ಹಾಗೆಯೇ ಹೊಂದಿಸಬಾರದು. 24 ಫ್ರೇಮಿನಲ್ಲಿ 120 ಪಿಕ್ಸೆಲ್ ಸಾಗುವವನ ಸೈಕಲನ್ನು 20ಕ್ಕೆ ಇಳಿಸಿದರೆ, ಅವನು ಫ್ರೇಮಿಗೆ 5ರ ಬದಲು 6 ಪಿಕ್ಸೆಲ್ ಮುಂದೆ ಹೋಗಬೇಕು. ಇಲ್ಲವಾದರೆ ಊರಿದ ಪಾದ ನೆಲದ ಮೇಲೆ ಹಿಂದಕ್ಕೆ ಜಾರುತ್ತದೆ.