ಫೋಟೊದಲ್ಲಿರುವ ಕಿರಣ ಚಿತ್ರದಿಂದ ಪ್ರತಿಬಿಂಬದ ದೂರ, ಎತ್ತರ ತೆಗೆಯೋದು ಹೇಗೆ?

ಪ್ರಶ್ನೆ: ದುಗ್ಗಮ್ಮನ ಜಾತ್ರೆಗೆ ಮನೆ ತುಂಬಾ ನೆಂಟರು ಬಂದಿದ್ದರು. ಹತ್ತನೇ ಕ್ಲಾಸಿನ ಮಗಳು ಶಾಲೆ ತಪ್ಪಿಸಿಕೊಂಡಳು. ಗೆಳತಿ ಬೋರ್ಡಿನ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದ್ದಾಳೆ. ಪೀನ ಮಸೂರದ ಕಿರಣ ಚಿತ್ರ ಅದು. ಸಂಗಮ ದೂರ 10 ಸೆಂ.ಮೀ., ವಸ್ತುವಿನ ಎತ್ತರ 4 ಸೆಂ.ಮೀ. ಅಂತ ಬರೆದಿದೆ. ಉಳಿದದ್ದನ್ನು ಚಿತ್ರ ನೋಡಿಯೇ ಕಂಡುಹಿಡಿಯಬೇಕಂತೆ. ಫೋನಿನ ಮೇಲೆ ಸ್ಕೇಲ್ ಇಟ್ಟರೆ ಝೂಮ್ ಮಾಡಿದ ಹಾಗೆಲ್ಲ ಅಳತೆ ಬದಲಾಗುತ್ತೆ. ಏನು ಮಾಡೋದು? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಅಳತೆ ಬದಲಾದರೆ ಆಗಲಿ ಬಿಡಿ. ಇಲ್ಲಿ ನಮಗೆ ಬೇಕಾಗಿರುವುದು ಅನುಪಾತ ಮಾತ್ರ. ಝೂಮ್ ಮಾಡಿದಾಗ ಎಲ್ಲ ಉದ್ದಗಳೂ ಒಂದೇ ಪಾಲಿನಲ್ಲಿ ಹಿಗ್ಗುತ್ತವೆ. ಸಂಗಮ ದೂರಕ್ಕಿಂತ ವಸ್ತು ಎಷ್ಟು ಪಟ್ಟು ದೂರದಲ್ಲಿದೆ ಅನ್ನೋದು ಹಾಗೇ ಉಳಿಯುತ್ತೆ. ಒಂದೇ ಝೂಮ್‌ನಲ್ಲಿ ಎಲ್ಲವನ್ನೂ ಅಳೆದರೆ ಸಾಕು. ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿಕೊಂಡರೆ ಇನ್ನೂ ಸುಲಭ.

ನಿಜವಾದ ತೊಂದರೆ ಬೇರೆ ಕಡೆ ಇದೆ. ನೀವು ಕಳಿಸಿದ ಫೋಟೊ ನೋಡಿದೆ. ಗೆಳತಿ ಎಡಗಡೆಯ ಬೆಂಚಿನಿಂದ ಓರೆಯಾಗಿ ತೆಗೆದಿದ್ದಾಳೆ. ಬೋರ್ಡಿನ ಎಡ ಅಂಚು ಉದ್ದ, ಬಲ ಅಂಚು ಗಿಡ್ಡ. ಪ್ರಿಂಟ್ ಹಾಕಿ ಅಳೆದರೆ ಮಸೂರದ ನಡುವಿನ O ಬಿಂದುವಿನಿಂದ ಎಡಗಡೆಯ ಸಂಗಮ ಬಿಂದು F ಗೆ 27 ಮಿ.ಮೀ., ಬಲಗಡೆಯ F ಗೆ 22 ಮಿ.ಮೀ. ಬಂತು. ಮಸೂರದ ಎರಡೂ ಕಡೆ ಸಂಗಮ ದೂರ ಒಂದೇ ಇರಬೇಕು ಅಲ್ವಾ? ಇಲ್ಲ ಅಂದರೆ ಒಂದೋ ಬೋರ್ಡಿನ ಮೇಲೆ ಬರೆದದ್ದೇ ತಪ್ಪು, ಇಲ್ಲ ಫೋಟೊ ಓರೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಈ ಎರಡು ಉದ್ದ ಅಳೆದು ನೋಡಿ.

ಓರೆ ಫೋಟೊದಲ್ಲೇ ಲೆಕ್ಕ ಮುಂದುವರಿಸಿದರೆ ಏನಾಗುತ್ತೆ? ವಸ್ತು O ಇಂದ 81 ಮಿ.ಮೀ. ದೂರದಲ್ಲಿ ಕಾಣುತ್ತೆ. 81 ಅನ್ನು 27 ರಿಂದ ಭಾಗಿಸಿದರೆ 3. ಅಂದರೆ ವಸ್ತು ದೂರ 30 ಸೆಂ.ಮೀ. ಅಂತ ಬರುತ್ತೆ. ನಿಜವಾದ ದೂರ 25 ಸೆಂ.ಮೀ., ಮುಂದೆ ನೋಡೋಣ. ಕ್ಯಾಮೆರಾಗೆ ಹತ್ತಿರ ಇರುವ ಕಡೆ ಎಲ್ಲವೂ ಹಿಗ್ಗಿರುತ್ತೆ, ದೂರದ ಕಡೆ ಕುಗ್ಗಿರುತ್ತೆ. ಹಾಗಾಗಿ ಬಾಣಗಳ ಎತ್ತರವನ್ನೂ ನಂಬುವ ಹಾಗಿಲ್ಲ. ಒಂದು ಸಮಾಧಾನ ಇದೆ: ಓರೆ ಫೋಟೊದಲ್ಲೂ ನೇರ ಗೆರೆ ನೇರವಾಗಿಯೇ ಇರುತ್ತೆ, ಎರಡು ಕಿರಣ ಸೇರುವ ಬಿಂದು ಅದೇ ಬಿಂದುವಾಗಿರುತ್ತೆ. ಪ್ರತಿಬಿಂಬ F ಮತ್ತು 2F ನಡುವೆ ಇದೆ, ತಲೆಕೆಳಗಾಗಿದೆ ಅನ್ನೋದನ್ನು ಸುಮ್ನೆ ನೋಡಿಯೇ ಹೇಳಬಹುದು. ಸುಳ್ಳು ಹೇಳುವುದು ದೂರಗಳು ಮಾತ್ರ.

ಇದನ್ನು ಸರಿಮಾಡಲು ಫೋನಿನಲ್ಲಿ ಕಾಗದಪತ್ರ ಸ್ಕ್ಯಾನ್ ಮಾಡುವ ಸೌಲಭ್ಯ ಬಳಸಿ. ಬೋರ್ಡಿನ ನಾಲ್ಕು ಮೂಲೆಗಳಿಗೆ ಬಿಂದು ಕೂರಿಸಿದರೆ ಅದು ಚಿತ್ರವನ್ನು ಎಳೆದು ಆಯತ ಮಾಡಿಕೊಡುತ್ತೆ. ನಾಲ್ಕೂ ಮೂಲೆ ಫೋಟೊದಲ್ಲಿ ಕಾಣಬೇಕು. ಯಾರದೋ ತಲೆ ಅಡ್ಡ ಬಂದಿದ್ದರೆ ಇನ್ನೊಂದು ಫೋಟೊ ಕೇಳಿ ತರಿಸಿಕೊಳ್ಳುವುದೇ ವಾಸಿ. ನಿಮ್ಮ ಫೋಟೊದಲ್ಲಿ ಅದೃಷ್ಟಕ್ಕೆ ನಾಲ್ಕೂ ಇದ್ದವು. ಸರಿಮಾಡಿ ಮತ್ತೆ ಅಳೆದಾಗ ಎರಡೂ ಕಡೆ F ಗೆ 24 ಮಿ.ಮೀ. ಬಂತು.

ಈಗ ಲೆಕ್ಕ. ದೂರಗಳನ್ನೆಲ್ಲ ಮಸೂರದ ನಡುವೆ ಎಳೆದಿರುವ ನಿಂತ ಗೆರೆಯಿಂದ ಅಳೆಯಿರಿ. ಉಬ್ಬಿದ ಅಂಚಿನಿಂದ ಅಳೆಯಬೇಡಿ. ಬೋರ್ಡಿನ ಮೇಲೆ ಮಸೂರವನ್ನು ದಪ್ಪಗೆ ಬರೆದಿದ್ದರೂ ನಮ್ಮ ಸೂತ್ರ ತೆಳು ಮಸೂರದ್ದು, ಕಿರಣ ಬಾಗುವುದು ಆ ನಡುಗೆರೆಯಲ್ಲೇ ಅಂತ ಲೆಕ್ಕ.

ವಸ್ತು O ಇಂದ 60 ಮಿ.ಮೀ. ದೂರದಲ್ಲಿದೆ. 60 ಅನ್ನು 24 ರಿಂದ ಭಾಗಿಸಿದರೆ 2.5. ಸಂಗಮ ದೂರ 10 ಸೆಂ.ಮೀ. ಆದ್ದರಿಂದ ವಸ್ತು ದೂರ 25 ಸೆಂ.ಮೀ. ಕಿರಣಗಳು ಸೇರುವ ಜಾಗ O ಇಂದ 41 ಮಿ.ಮೀ. ಆಚೆ ಇದೆ. ಅಂದರೆ ಪ್ರತಿಬಿಂಬ ದೂರ ಸುಮಾರು 17.1 ಸೆಂ.ಮೀ. ಇದನ್ನು ಸೂತ್ರದಲ್ಲಿ ತಾಳೆ ನೋಡೋಣ. ಸೂತ್ರದಲ್ಲಿ f ಸಂಗಮ ದೂರ, v ಪ್ರತಿಬಿಂಬ ದೂರ, u ವಸ್ತು ದೂರ. ವಸ್ತು ಎಡಗಡೆ ಇರುವುದರಿಂದ u ಗೆ ಮೈನಸ್ ಹಾಕಬೇಕು.

1/v = 1/f + 1/u = 1/10 − 1/25 = 3/50

v = 16.7 ಸೆಂ.ಮೀ. ಬಂತು. ಅಳೆದದ್ದು 17.1. ಸೀಮೆಸುಣ್ಣದ ಗೆರೆಯ ದಪ್ಪಕ್ಕೆ ಇಷ್ಟು ವ್ಯತ್ಯಾಸ ಸಹಜ. ಪ್ರಿಂಟಿನಲ್ಲಿ ಅದು ಒಂದೇ ಒಂದು ಮಿ.ಮೀ.

ಎತ್ತರಕ್ಕೆ ಬಂದಾಗ ಮಕ್ಕಳು ಜಾಸ್ತಿ ಎಡವುತ್ತಾರೆ. ಪ್ರಿಂಟಿನಲ್ಲಿ ಪ್ರತಿಬಿಂಬದ ಎತ್ತರ 12 ಮಿ.ಮೀ. ಅಡ್ಡಕ್ಕೆ 24 ಮಿ.ಮೀ. ಅಂದರೆ 10 ಸೆಂ.ಮೀ. ಆದ್ದರಿಂದ 12 ಮಿ.ಮೀ. ಅಂದರೆ 5 ಸೆಂ.ಮೀ. ಅಂತ ನಿಮ್ಮ ಮಗಳು ಬರೆದಿದ್ದಾಳೆ. ಆದರೆ ವಸ್ತುವಿನ ಎತ್ತರವೇ 4 ಸೆಂ.ಮೀ.! ಚಿತ್ರದಲ್ಲಿ ಕಣ್ಣಿಗೇ ಚಿಕ್ಕದಾಗಿ ಕಾಣುವ ಪ್ರತಿಬಿಂಬ ಲೆಕ್ಕದಲ್ಲಿ ವಸ್ತುವಿಗಿಂತ ದೊಡ್ಡದಾಗಿಬಿಟ್ಟಿತು. ಇಲ್ಲೇ ಗೊತ್ತಾಗುತ್ತೆ, ಎಲ್ಲೋ ತಪ್ಪಿದೆ ಅಂತ.

ಕಾರಣ ಇಷ್ಟೇ. ಅಡ್ಡದ ಅಳತೆಯಲ್ಲೇ ಬರೆದಿದ್ದರೆ 4 ಸೆಂ.ಮೀ. ವಸ್ತು 9.6 ಮಿ.ಮೀ. ಇರಬೇಕಿತ್ತು. ಅಳೆದರೆ 18 ಮಿ.ಮೀ. ಇದೆ. ಹಿಂದಿನ ಬೆಂಚಿಗೂ ಕಾಣಲಿ ಅಂತ ಮೇಷ್ಟ್ರುಗಳು ಬಾಣವನ್ನು ಎತ್ತರವಾಗಿ ಬರೆಯುತ್ತಾರೆ, ಪುಸ್ತಕದ ಚಿತ್ರಗಳಲ್ಲೂ ಹೀಗಿರುತ್ತೆ. ಜೊತೆಗೆ ಫೋಟೊ ನೇರ ಮಾಡುವಾಗ ಫೋನ್ ಬೋರ್ಡಿನ ಉದ್ದ ಅಗಲವನ್ನು ಅಂದಾಜಿನಲ್ಲಿ ಹಿಗ್ಗಿಸಿರುತ್ತೆ. ಹೀಗೆ ಎತ್ತರ ಮಾತ್ರ ಹಿಗ್ಗಿದರೆ ಕಿರಣಗಳ ಓಟ ಕಡಿದಾಗುತ್ತೆ ಅಷ್ಟೇ, ಅವು ಸೇರುವ ದೂರ ಬದಲಾಗುವುದಿಲ್ಲ. ಹಾಗಾಗಿ ಚಿತ್ರ ತಪ್ಪಲ್ಲ. ಅಡ್ಡದ ಅಳತೆಯನ್ನು ಎತ್ತರಕ್ಕೆ ಬಳಸಿದ್ದು ತಪ್ಪು.

ಎತ್ತರವನ್ನು ಎತ್ತರದ ಜೊತೆಗೇ ಹೋಲಿಸಿ. 12 ಅನ್ನು 18 ರಿಂದ ಭಾಗಿಸಿದರೆ 2/3. ಪ್ರತಿಬಿಂಬ 4 ಸೆಂ.ಮೀ.ನ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 2.7 ಸೆಂ.ಮೀ. ತಲೆಕೆಳಗಾಗಿರುವುದರಿಂದ ವರ್ಧನೆ −2/3 ಅಂತ ಬರೆಯಬೇಕು. ಅಡ್ಡದ ಅಳತೆಯೂ ಇದನ್ನೇ ಹೇಳುತ್ತೆ. O ಮೂಲಕ ನೇರ ಹೋಗುವ ಕಿರಣದಿಂದ ಎರಡು ಸಮರೂಪ ತ್ರಿಭುಜ ಆಗುತ್ತವೆ, ಅದರಿಂದ v ಭಾಗಿಸು u, 16.7/25, ಮತ್ತೆ 2/3. ಎರಡೂ ಹೊಂದದಿದ್ದರೆ ಫೋಟೊ ಇನ್ನೂ ಓರೆ ಇದೆ, ಇಲ್ಲವೇ ಕಿರಣ ಎಳೆದಿದ್ದರಲ್ಲೇ ತಪ್ಪಿದೆ.

ಪ್ರತಿಬಿಂಬದ ಭಾಗ ಫೋಟೊದಲ್ಲಿ ಕತ್ತರಿಸಿ ಹೋಗಿದ್ದರೂ ಚಿಂತೆ ಇಲ್ಲ. ವಸ್ತು ಮತ್ತು F ಕಂಡರೆ ಸೂತ್ರ ಸಾಕು. F ಗುರುತು ಅಳಿಸಿ ಹೋಗಿದ್ದರೆ, ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಬಾಗಿದ ಮೇಲೆ ಅಕ್ಷವನ್ನು ಎಲ್ಲಿ ದಾಟುತ್ತೋ ಅದೇ F.

ಆದರೆ ವಸ್ತು F ಗೆ ತೀರಾ ಹತ್ತಿರ ಇರುವ ಚಿತ್ರ ಬಂದರೆ ಅಳತೆಯನ್ನು ಪೂರ್ತಿ ನಂಬಬೇಡಿ. ಇದೇ ಮಸೂರದಲ್ಲಿ ವಸ್ತು 12 ಸೆಂ.ಮೀ. ದೂರದಲ್ಲಿದ್ದರೆ ಪ್ರತಿಬಿಂಬ 60 ಸೆಂ.ಮೀ. ಆಚೆ ಬೀಳುತ್ತೆ. ಅಳೆಯುವಾಗ ಅರ್ಧ ಸೆಂ.ಮೀ. ತಪ್ಪಿ 11.5 ಅಂದುಕೊಂಡರೆ ಅದು ಸುಮಾರು 77 ಸೆಂ.ಮೀ.ಗೆ ಹಾರುತ್ತೆ. ಪ್ರಿಂಟಿನಲ್ಲಿ ಆ ಅರ್ಧ ಸೆಂ.ಮೀ. ಅಂದರೆ ಒಂದು ಮಿ.ಮೀ. ಚಿಲ್ಲರೆ ಮಾತ್ರ. ಅಂಥ ಕಡೆ ಬೋರ್ಡಿನ ಮೇಲೆ ಬರೆದ ವಸ್ತು ದೂರ ಎಷ್ಟು ಅಂತ ಗೆಳತಿಗೇ ಫೋನ್ ಮಾಡಿ ಕೇಳುವುದು ಒಳ್ಳೇದು.