ಹೊಗಳುವ ಪತ್ರದಲ್ಲಿ ದೂರಿನ ಸಂಖ್ಯೆಯೂ ಇರಲಿ

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಪಕ್ಕದ ಕಟ್ಟಡದ ಅಕ್ಕ ಒಂದು ಪತ್ರ ಬರೆದು ನನಗೆ ತೋರಿಸಲು ತಂದರು. ಅವರ ವಾಷಿಂಗ್ ಮೆಷಿನ್ ಮುಟ್ಟಿದರೆ ಜುಮ್ಮೆಂದು ಶಾಕ್ ಹೊಡೆಯುತ್ತಿತ್ತು. ಅದನ್ನು ನೋಡಲು ಬಂದಿದ್ದ ಮೆಕ್ಯಾನಿಕ್‌ನನ್ನು ಮೆಚ್ಚಿ ಕಂಪನಿಯ ಮ್ಯಾನೇಜರರಿಗೆ ಬರೆದಿದ್ದರು: "ನಿಮ್ಮ ಹುಡುಗ ಬಹಳ ಒಳ್ಳೆಯವನು. ನಗುನಗುತ್ತಾ ಕೆಲಸ ಮಾಡಿದ. ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ."

ಮುಂಬಯಿಯಲ್ಲಿ ಸರ್ವಿಸ್ ವಿಭಾಗ ನೋಡಿಕೊಳ್ಳುವ ನನಗೆ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಓದಿದಾಗ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಬಡ್ತಿಯ ಸಮಯದಲ್ಲಿ ಆ ಹುಡುಗನ ಪರವಾಗಿ ಮೇಲಿನವರ ಮುಂದೆ ಇಡಲು ಅದರಲ್ಲಿ ಏನೂ ಸಿಗುವುದಿಲ್ಲ. ಕೊನೆಯ ವಾಕ್ಯವಂತೂ ಅವನಿಗೇ ಕುತ್ತಾಗಬಹುದು. ಭೇಟಿ ಶುಲ್ಕ ಕಂಪನಿಗೆ ಸೇರಬೇಕಾದ ಹಣ. ಅದನ್ನು ಯಾಕೆ ಬಿಟ್ಟೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಕೇಳಿದಾಗ ಗೊತ್ತಾಯಿತು, ಯಂತ್ರಕ್ಕೆ ಇನ್ನೂ ವಾರಂಟಿ ಇತ್ತು, ಶುಲ್ಕವೇ ಇರಲಿಲ್ಲ.

"ಅಕ್ಕಾ, ಅವನು ಬಂದು ಮೊದಲು ಏನು ಮಾಡಿದ, ಹೇಳಿ" ಎಂದೆ. ಆಗ ನಿಜವಾದ ಸಂಗತಿ ಹೊರಬಂತು. ಯಂತ್ರದ ಒಳಗಿನ ವೈರಿಂಗ್ ಸರಿಯಾಗಿರುವುದನ್ನು ನೋಡಿಕೊಂಡ ಮೇಲೆ ಆತ ಗೋಡೆಯ ಸಾಕೆಟ್‌ಗೆ ಮೀಟರ್ ಹಿಡಿದಿದ್ದ. ಫೇಸ್ ಮತ್ತು ಅರ್ತ್ ನಡುವೆ 230 ವೋಲ್ಟ್ ಆಸುಪಾಸು ತೋರಿಸಬೇಕು. ಮೀಟರ್ ಅದರ ಹತ್ತಿರವೂ ಹೋಗಲಿಲ್ಲ. ಅರ್ತ್ ತಂತಿಯೇ ಬಿಟ್ಟುಹೋಗಿತ್ತು. ಯಂತ್ರದ ಫಿಲ್ಟರ್‌ನಿಂದ ಸದಾ ಚೂರು ವಿದ್ಯುತ್ ಹೊರಮೈಗೆ ಬರುತ್ತದೆ. ಅದು ಅರ್ತ್ ಮೂಲಕ ಇಳಿದುಹೋಗಬೇಕು, ದಾರಿ ಇಲ್ಲದಿದ್ದರೆ ಮುಟ್ಟಿದವರ ಕೈಗೆ ಹರಿಯುತ್ತದೆ. ಬಿಡಿಭಾಗ ಬದಲಾಯಿಸಿ ಕೈತೊಳೆದುಕೊಳ್ಳುವವರನ್ನು ನಾನು ಕಂಡಿದ್ದೇನೆ. ಈ ಹುಡುಗ ಹಾಗೆ ಮಾಡದೆ, ಎಲೆಕ್ಟ್ರಿಷಿಯನ್ ಸಾಕೆಟ್ ಸರಿಪಡಿಸುವವರೆಗೆ ಯಂತ್ರ ಹಾಕಬೇಡಿ ಎಂದು ಪ್ಲಗ್ ಕಿತ್ತಿಟ್ಟು ಹೋದ. ಮರುದಿನ ಸಂಜೆ ತಾನಾಗಿ ಬಂದು ಮತ್ತೆ ಮೀಟರ್ ಹಿಡಿದು ನೋಡಿದ.

ಪತ್ರವನ್ನು ಹೊಸದಾಗಿ ಬರೆದೆವು. ಮೊದಲ ಸಾಲಿನಲ್ಲಿ ದೂರಿನ ಸಂಖ್ಯೆ, ಎರಡೂ ಭೇಟಿಗಳ ದಿನಾಂಕ, ಜಾಬ್ ಕಾರ್ಡಿನಲ್ಲಿದ್ದಂತೆ ಅವನ ಹೆಸರು. ಆಮೇಲೆ: "ದೋಷ ಯಂತ್ರದಲ್ಲಿಲ್ಲ, ಸಾಕೆಟ್‌ನಲ್ಲಿದೆ ಎಂದು ಮೀಟರ್ ಹಿಡಿದು ನನಗೆ ತೋರಿಸಿದರು. ಅನಗತ್ಯವಾಗಿ ಯಾವ ಭಾಗವನ್ನೂ ಬದಲಾಯಿಸಲಿಲ್ಲ. ಮರುದಿನ ಬಂದು, ಸಾಕೆಟ್ ಸರಿಯಾಗಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಯಂತ್ರ ಚಾಲು ಮಾಡಿದರು." ಇದರಲ್ಲಿ ಪ್ರತಿ ಮಾತನ್ನೂ ಮ್ಯಾನೇಜರ್ ದಾಖಲೆಯೊಂದಿಗೆ ತಾಳೆ ನೋಡಬಹುದು. ನಗುಮುಖದ ಮಾತು ಇರಲೇಬೇಕೆಂದು ಅಕ್ಕ ಹಟ ಹಿಡಿದರು. ಅದನ್ನು ಕೊನೆಯಲ್ಲಿ ಸೇರಿಸಿದೆವು.

ಇನ್ನೊಂದು ಕೆಲಸ ಉಳಿದಿತ್ತು. ಮನೆಗೆ ಬರುವ ಮೆಕ್ಯಾನಿಕ್ ಎಷ್ಟೋ ಸಲ ಕಂಪನಿಯ ನೌಕರನಲ್ಲ, ಗುತ್ತಿಗೆ ಪಡೆದ ಸರ್ವಿಸ್ ಸೆಂಟರಿನವನು. ಅವನ ಸಂಬಳ ನಿರ್ಧರಿಸುವವರು ಆ ಸೆಂಟರಿನ ಮಾಲೀಕರು. ಜಾಬ್ ಕಾರ್ಡಿನ ಕೆಳಗೆ ಸೆಂಟರಿನ ವಿಳಾಸವಿತ್ತು. ಕಂಪನಿಗೆ ಕಳುಹಿಸಿದ ಪತ್ರದ ಒಂದು ಪ್ರತಿಯನ್ನು ಅಕ್ಕ ತಾವೇ ಅಲ್ಲಿಗೆ ಒಯ್ದು ಕೊಟ್ಟು, ಸಹಿ ಹಾಕಿಸಿಕೊಂಡು ಬಂದರು.